ಕೆಸರಿನಲ್ಲಿ ಮಲಗಿದ ಸಸಿಗಳು

ಕುಂತಲ್ಲಿ ಕೂರುವ ಜೀವ ನನ್ನದಲ್ಲ. ಲಿಂಗಸುಗೂರಿನಲ್ಲಿ ಡಿಪ್ಲೊಮಾ ಓದುವಾಗ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾನೂ ನನ್ನ ಗೆಳತಿಯೂ ಭತ್ತ ನಾಟಿಯ ಕೈಯಂತ್ರ ಹಿಡಿದಿದ್ದೆವು. ಅದರ ಜೀವವೆಲ್ಲ ನಾಲ್ಕು ಕೊಂಡಿಗಳಲ್ಲಿ: ಅಲುಗದ ಫ್ರೇಮು, ಪೂರ್ತಿ ಸುತ್ತುವ ಕ್ರ್ಯಾಂಕು, ಅತ್ತಿತ್ತ ತೂಗುವುದೊಂದು, ಇವೆರಡನ್ನೂ ಕೂಡಿಸುವುದೊಂದು. ಕೂಡಿಸುವ ಕೊಂಡಿಯ ತುದಿಗೆ ಸಸಿ ಹಿಡಿಯುವ ಉಗುರು.

ಕ್ಯಾಡ್‌ನಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ಕ್ರ್ಯಾಂಕಿಗೆ ಮೋಟಾರು ಕೊಟ್ಟು ಸಿಮ್ಯುಲೇಷನ್ ಓಡಿಸಿದರೆ ಉಗುರು ಸಸಿ ಕಿತ್ತುಕೊಂಡು ನೆಟ್ಟಗೆ ಇಳಿದು ನೆಟ್ಟಗೆ ಏಳುತ್ತಿತ್ತು. ಅದು ನಡೆದ ದಾರಿಯ ಗೆರೆ ನೋಡಿ ನಾವು ಉಬ್ಬಿಹೋಗಿದ್ದೆವು.

ಗೆಳತಿಯ ಊರು ವಳಕಮದಿನ್ನಿ. ನಾಟಿ ಮಾಡಿ ಮಾಡಿ ಅವರವ್ವನ ಸೊಂಟ ಬಿದ್ದುಹೋಗಿತ್ತು. ಆದರೂ ನಮಗಾಗಿ ಗದ್ದೆಯ ಒಂದು ಪಟ್ಟಿ ಬಿಟ್ಟಿದ್ದರು. "ಈ ಸಲ ಬಗ್ಗೋದೊಂದು ತಪ್ಪಿದ್ರ ಸಾಕವ್ವ," ಅಂದಿದ್ದರು.

ಯಂತ್ರ ಎಳೆದೆವು. ಸಸಿಗಳೆಲ್ಲ ಕೆಸರಿನಲ್ಲಿ ಅಂಗಾತ ಮಲಗಿದವು. ಅವ್ವ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಒಂದೊಂದೇ ಎತ್ತಿ ನಿಲ್ಲಿಸತೊಡಗಿದರು. 

ಅರ್ಧ ಪಟ್ಟಿ ಉಳಿದಿತ್ತು. ಕೆಸರು ಬಿಗಿಯುವ ಮೊದಲೇ ಪ್ರಾಜೆಕ್ಟಿನ ಸರ್ ಅವರನ್ನು ಕೇಳೋಣವೆಂದು ಮರುದಿನ ಬೆಳಿಗ್ಗೆ ಯಂತ್ರವನ್ನೂ ಬಸ್ಸಿಗೇರಿಸಿಕೊಂಡು ಲಿಂಗಸುಗೂರಿಗೆ ಹೊರಟರೆ, ಮಸ್ಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಗೆಳತಿ ಲ್ಯಾಪ್‌ಟಾಪ್ ತೆರೆದಳು. ನಾನು ಪಕ್ಕದಲ್ಲಿ ಹಾಳೆಯ ಮೇಲೆ ಪೆನ್ನಿನಿಂದ ಅದೇ ಗೆರೆಯನ್ನು ಸುತ್ತಿ ಸುತ್ತಿ ತಿದ್ದುತ್ತಿದ್ದೆ.

"ಸುಮ್ಕ ಕುಂದ್ರಲೇ. ನಿನ್ ಕೈಗೇನು ದೆವ್ವ ಹೊಕ್ಕೈತಿ?" ಎಂದು ಅವಳು ಹಾಳೆ ಎಳೆದುಕೊಂಡಳು. ನನ್ನ ಕೈ ಇನ್ನೂ ಸುತ್ತುತ್ತಲೇ ಇತ್ತು. ಸರಿದ ಹಾಳೆಯ ಮೇಲೆ ಸುತ್ತು ಮುಚ್ಚದೆ, ಗೆರೆ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು.

"ಕಂಪ್ಯೂಟರಿನ್ಯಾಗ ನಾವು ಯಂತ್ರಾನ ನಿಲ್ಲಿಸಿ ನೋಡೀವಿ," ಅಂದೆ. "ಗದ್ದ್ಯಾಗ ಅದು ನಡೀತೈತಿ."

ಅಲ್ಲೇ ತೆರೆಯ ಮೇಲೆ ಫ್ರೇಮಿನ ಬಿಗಿತ ಬಿಚ್ಚಿ, ಕ್ರ್ಯಾಂಕು ಒಂದು ಸುತ್ತು ಬರುವಷ್ಟರಲ್ಲಿ ಫ್ರೇಮು ಒಂದು ಸಸಿಯ ಅಂತರ ಸರಿಯುವಂತೆ ಅದಕ್ಕೂ ಚಲನೆ ಕೊಟ್ಟೆವು. ಉಗುರಿನ ದಾರಿಯನ್ನು ಈ ಸಲ ನೆಲದ ಲೆಕ್ಕದಲ್ಲಿ ಬರೆಸಿದೆವು. ಉಗುರು ಕೆಸರಿನೊಳಗೆ ಸಸಿ ನೆಡುತ್ತಿರಲಿಲ್ಲ, ಗೀರುತ್ತಿತ್ತು. ಯಂತ್ರ ಮುಂದೆ ಹೋದಷ್ಟೇ ಉಗುರು ಕೆಸರಿನಲ್ಲಿ ಹಿಂದೆ ಸರಿಯಬೇಕು. ಆಗಲೇ ಸಸಿ ನಿಂತಲ್ಲಿ ನಿಲ್ಲುತ್ತದೆ. ತೂಗುವ ಕೊಂಡಿಯನ್ನು ಫ್ರೇಮಿಗೆ ಸಿಕ್ಕಿಸುವ ಗೂಟವನ್ನು ಅತ್ತ ಇತ್ತ ಜರುಗಿಸುತ್ತ, ಮತ್ತೆ ಮತ್ತೆ ಓಡಿಸುತ್ತ ಕೂತೆವು. ಕೆಳಗೆ ಉಗುರು ಹಿಂದೆ ಸರಿಯುವಷ್ಟು ಅಗಲವಾದ ಗೆರೆ ಸಿಕ್ಕ ಕೂಡಲೇ ಸಿಂಧನೂರಿನ ಬಸ್ಸು ಹತ್ತಿದೆವು. ಅಲ್ಲಿಯ ವರ್ಕ್‌ಶಾಪಿನಲ್ಲಿ ಆ ಗೂಟಕ್ಕೆ ಹೊಸ ತೂತು ಕೊರೆಸಿಕೊಂಡೆವು.

ಸಂಜೆ ಉಳಿದ ಅರ್ಧ ಪಟ್ಟಿಯಲ್ಲಿ ಗೆಳತಿ ಯಂತ್ರವನ್ನು ಎಳೆಯುತ್ತ, ನಾಟಿಯವರ ಹಾಗೆ ಹಿಂದಿಂದಕ್ಕೆ ನಡೆದಳು. ಅವ್ವ ಸೆರಗು ಸಿಕ್ಕಿಸಿಕೊಂಡೇ ಸಾಲಿನ ಜೊತೆ ಬಂದರು. ಎಲ್ಲೋ ಒಂದೆರಡು ಸಸಿ ವಾಲಿದ್ದವು, ಅಷ್ಟೇ. ಬಗ್ಗಲೆಂದು ಮೊಣಕಾಲ ಮೇಲಿಟ್ಟ ಕೈಯನ್ನು ಅವ್ವ ತೆಗೆದು ಸೊಂಟಕ್ಕಿಟ್ಟುಕೊಂಡರು. ಬದುವಿನವರೆಗೂ ಹಾಗೆಯೇ ನೆಟ್ಟಗೆ ನಡೆದು, ಹಿಂದಿರುಗಿ ನೋಡಿದರು.

"ಇನ್ನ ನಾ ಏನ್ ಮಾಡ್ಲಿ ಇಲ್ಲಿ?" ಅಂದರು, ಮಗಳಿಗೆ.