ಗೋಡೆಯಾಚೆಯ ನೀರು

“ಅವಳ ಮೋಟಾರ್ ಶುರುವಾದ್ರೆ ನನ್ನ ಬಾವಿ ಬಾಯಿ ಒಣಗುತ್ತೆ. ಸಾಯಂಕಾಲ ನಿಲ್ಸಿದ್ರೆ ಬೆಳಿಗ್ಗೆ ಒಂದಿಷ್ಟು ನೀರು ಎದ್ದಿರುತ್ತೆ. ಇದು ಕಾಕತಾಳೀಯ ಅಂತಾಳೆ! ನನ್ನ ಅತ್ತೆ ತೋಡಿಸಿದ ಬಾವಿ ಕಣಯ್ಯಾ ಇದು. ನೂಲು ಜಾಲಿಸಿ ಜಾಲಿಸಿ ಈ ಕೈ ಸವೆದಿದೆ. ಅವಳು ನನ್ನ ನೀರನ್ನ ಕ್ಯಾನಿಗೆ ತುಂಬಿ ಊರೆಲ್ಲ ಮಾರ್ತಾಳೆ, ನಾನು ಬಿಂದಿಗೆ ಹಿಡಿದು ಬೀದಿಗೆ ಬರ್ಬೇಕಾ? ನನ್ನ ಬಾವಿ ಬತ್ತಿಸಿದವಳ ಬೋರು ಬತ್ತಿಸದಿದ್ರೆ ನಾನು ಈ ಮನೆ ಹಿರಿ ಸೊಸೆನೇ ಅಲ್ಲ!”

ಬೋರು ಕೊರೆಯುವವನ ಮುಂದೆ ಬಣ್ಣದಕ್ಕ ಹೀಗೆ ಸಿಡಿಯುತ್ತಿದ್ದಳು. ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಅವಳ ಬೆರಳ ತುದಿಗಳು ಒಂದು ವಾರ ನೀಲಿ, ಇನ್ನೊಂದು ವಾರ ಕೆಂಪು. ಬಣ್ಣ ಹಾಕಿದ ನೂಲನ್ನು ನೀರು ತಿಳಿಯಾಗುವವರೆಗೂ ಜಾಲಿಸಬೇಕು. ನೀರಿಲ್ಲದಿದ್ದರೆ ಕಸುಬಿಲ್ಲ. ಅವಳು ‘ಅವಳು’ ಅಂದದ್ದು ಓರಗಿತ್ತಿಯನ್ನು. ಮನೆ ಪಾಲಾದ ಮೇಲೆ ಮೈದುನನ ಹೆಂಡತಿ ಗೋಡೆಯಾಚೆ ಕುಡಿಯುವ ನೀರಿನ ಕ್ಯಾನಿನ ವ್ಯಾಪಾರ ಶುರುಮಾಡಿದ್ದಳು.

ಬೋರಿನವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮೂಲೆಯಲ್ಲಿದ್ದ ಸೀಮೆಎಣ್ಣೆ ಆಲಿಕೆಯನ್ನು ಎತ್ತಿ ತೋರಿಸಿದ.

“ನೆಲದೊಳಗೆ ನೀರು ಮರಳಿನ ಸಂದಿ, ಕಲ್ಲಿನ ಬಿರುಕಲ್ಲಿ ತುಂಬಿಕೊಂಡಿರುತ್ತೆ ಅಕ್ಕಾ. ಮೋಟಾರ್ ಎಳೆದಾಗ ಬೋರಿನ ಪಕ್ಕದಲ್ಲಿ ಮಟ್ಟ ಜಾಸ್ತಿ ಇಳಿಯುತ್ತೆ, ದೂರ ಹೋದ ಹಾಗೆ ಕಮ್ಮಿ. ಈ ಆಲಿಕೆ ಹಾಗೆ. ಎಳೀತಾನೇ ಇದ್ರೆ ಆಲಿಕೆ ಆಳ ಆಗುತ್ತೆ, ಬಾಯಿ ಅಗಲ ಆಗುತ್ತೆ. ನಿಮ್ಮ ಬಾವಿ ಆ ಬಾಯೊಳಗೆ ಬಿದ್ದಿದೆ.”

“ಹಾಗಾದ್ರೆ ನನ್ನ ಆಲಿಕೇನ ಅವಳ ಗೋಡೆಗೆ ಆನಿಸಿ ಇಡು. ಅವಳಿಗಿಂತ ಆಳ ಇರ್ಲಿ.”

“ಬೇಡ ಅಕ್ಕಾ. ಎರಡು ಆಲಿಕೆ ಒಂದರ ಮೇಲೊಂದು ಬಿದ್ರೆ ಇಬ್ಬರ ಇಳಿತಾನೂ ಕೂಡುತ್ತೆ, ನೀರು ಇನ್ನೂ ಕೆಳಕ್ಕೆ ಹೋಗುತ್ತೆ. ಹಿತ್ತಲ ಮೂಲೆಯಲ್ಲಿ ಕೊರೆಸಿದ್ರೆ...”

“ಗೋಡೆ ಹತ್ರ ಅಂದೆ!” ಎಂದಳು. ಇಬ್ಬರದೂ ಕೂಡುತ್ತದೆ ಎಂಬ ಮಾತು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಗಿತ್ತು.

ಬೋರು ಬಿತ್ತು. ಮೊದಲ ದಿನ ನೀರು ಚಿಮ್ಮಿದಾಗ ಬಣ್ಣದಕ್ಕ ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೆಮ್ಮಿದಳು. ಅಂದಿನಿಂದ ಬಣ್ಣದ ಕೆಲಸವಿರಲಿ ಬಿಡಲಿ, ಮೋಟಾರ್ ಓಡುತ್ತಲೇ ಇತ್ತು. ಹೆಚ್ಚಾದ ನೀರು ಚರಂಡಿಗೆ ಹರಿಯಿತು. ಅದು ಹರಿಯುವ ಸದ್ದು ಅವಳಿಗೆ ಜೋಗುಳ.

ಒಂದು ಮಧ್ಯಾಹ್ನ ಆಚೆ ಕಡೆಯ ಮೋಟಾರ್ ಕರ್ರೆಂದು ಕೂಗಿ, ಗಾಳಿ ಎಳೆದು, ಸುಮ್ಮನಾಯಿತು.

“ಏನಮ್ಮಾ ತಂಗೀ, ಗಂಟಲು ಕಟ್ಟಿತಾ?” ಎಂದು ಬಣ್ಣದಕ್ಕ ಗೋಡೆಯ ಮೇಲಿಂದ ಕೇಳಿದಳು.

“ಮೋಟಾರ್ ಸುಟ್ಟುಹೋಗಿದೆ ಅಕ್ಕಾ. ನಿಮ್ಮ ಹೊಟ್ಟೆಗೆ ಹಾಲು ಎರೆದ ಹಾಗಾಯ್ತಲ್ಲ!”

“ಹಾಲಲ್ಲ, ನೀರು. ಅದೂ ನನ್ನದೇ ನೀರು!”

ಆ ಸಂತೋಷಕ್ಕೆ ಅವಳು ಹಳೆಯ ಬಾವಿಯ ನೀರಲ್ಲೇ ಒಂದು ಲಡಿ ನೂಲು ಜಾಲಿಸಬೇಕೆಂದು ಹಗ್ಗ ಇಳಿಬಿಟ್ಟಳು. ಹಗ್ಗ ಮುಗಿಯುವ ಹೊತ್ತಿಗೆ ಕೊಡ ಠಣ್ ಎಂದು ಕಲ್ಲಿಗೆ ಬಡಿಯಿತು. ಬಗ್ಗಿ ನೋಡಿದಳು. ತಳದಲ್ಲಿ ಒದ್ದೆ ಕಲ್ಲು, ಒಂದು ಸತ್ತ ಕಪ್ಪೆ. ಓರಗಿತ್ತಿ ಎಷ್ಟು ಎಳೆದರೂ ಬೆಳಿಗ್ಗೆಗೆ ಒಂದಿಷ್ಟಾದರೂ ಏಳುತ್ತಿದ್ದ ಬಾವಿ. ಈಗ ಅವಳ ಮೋಟಾರೂ ಸುಮ್ಮನಿತ್ತು. ಗುಂಯ್‌ಗುಟ್ಟುತ್ತಿದ್ದದ್ದು ತನ್ನದೊಂದೇ.

ಯಾವ ಬಾವಿಗಾಗಿ ಈ ಹಟ ಹಿಡಿದಿದ್ದಳೋ, ಆ ಬಾವಿಯೇ ಅವಳ ಆಲಿಕೆಯ ಬಾಯಿಗೆ ಬಿದ್ದಿತ್ತು. ಆದರೆ ಮೋಟಾರ್ ಆರಿಸಲು ಕೈ ಬರಲಿಲ್ಲ. ಆರಿಸಿದರೆ ಸದ್ದು ನಿಲ್ಲುತ್ತದೆ. ಸದ್ದು ನಿಂತರೆ ಆಚೆಯವಳು ನಗುತ್ತಾಳೆ. ಅವಳು ಜಗಲಿಯ ಮೇಲೆ ಕೂತಳು. ಎದ್ದಳು. ಮತ್ತೆ ಕೂತಳು. ಕೊನೆಗೆ ಅವಳ ಪೈಪೂ ಕೆಮ್ಮತೊಡಗಿ, ನೀರಿನ ಜೊತೆ ಗಾಳಿ ಉಗುಳಿದಾಗ ಹೋಗಿ ಸ್ವಿಚ್ ಒತ್ತಿದಳು.

ಮೋಟಾರ್ ನಿಲ್ಲಿಸಿ ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಕೊಡ ಬಿಟ್ಟಾಗ ಠಣ್ ಎನ್ನಲಿಲ್ಲ. ಬುಳುಕ್ ಎಂದಿತು. ನೀರು ಒಂದು ಗೇಣು ಏರಿತ್ತು.

ಅವಳು ಗೋಡೆಯ ಬಳಿ ಹೋದಳು.

“ತಂಗೀ, ಮೋಟಾರ್ ರಿಪೇರಿ ಆಯ್ತಾ?”

“ನಾಳೆ ಬರುತ್ತೆ. ಯಾಕೆ, ಅದನ್ನೂ ಸುಡ್ಬೇಕಾ?”

“ಹೂಂ. ಸುಡ್ತೀನಿ. ನೀನು ಎಳೀಬೇಕಾದ್ದು ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ. ಅದಕ್ಕಿಂತ ಒಂದು ಗಳಿಗೆ ಹೆಚ್ಚಾದ್ರೂ ನಂದೂ ಹಾಕ್ತೀನಿ. ನನ್ನ ಬಾವಿ ಹೇಗೂ ಹೋಗುತ್ತೆ, ಆದ್ರೆ ನಿನ್ನ ಬೋರಿಗೂ ಹನಿ ಸಿಗಲ್ಲ. ಅದನ್ನ ನೋಡಿಯೇ ಸಾಯ್ತೀನಿ.”

ಆಚೆ ಕಡೆ ಖಾಲಿ ಕ್ಯಾನೊಂದನ್ನು ಕೆಳಗಿಟ್ಟ ಸದ್ದಾಯಿತು.

“ನೀವೂ ಅಷ್ಟೇ ಹೊತ್ತು ಹಾಕ್ಬೇಕು. ಚರಂಡಿಗೆ ಬಿಡೋ ಹಾಗಿಲ್ಲ,” ಎಂದಳು ಓರಗಿತ್ತಿ. “ನಾನೂ ಕಿವಿ ಕೊಟ್ಟು ಕೂತಿರ್ತೀನಿ.”

“ಕೂತಿರು. ನನಗೂ ಕಿವಿ ಇದೆ.”

ಯಾರೂ ಕ್ಷಮೆ ಕೇಳಲಿಲ್ಲ, ಸ್ನೇಹವೂ ಕೂಡಲಿಲ್ಲ. ಆದರೂ ಆ ಕರಾರು ಇಬ್ಬರ ನಡುವೆ ಉಳಿಯಿತು.

ಬಣ್ಣದಕ್ಕ ಕೊಡ ಮೇಲೆಳೆದು, ನೀರನ್ನು ತೊಟ್ಟಿಗೆ ಸುರಿದು, ಒಂದು ಲಡಿ ನೀಲಿ ನೂಲನ್ನು ಅದ್ದಿ, ಹಿಂಡಿ, ಮತ್ತೆ ಅದ್ದಿದಳು.