ಕಮಲಾಪುರದ ಆರ್ಡರಿನ ಮೂರನೇ ಚೀಟಿ

ಕೋಟನೂರಿನ ನಮ್ಮ ರೊಟ್ಟಿ ಕೇಂದ್ರದಲ್ಲಿ ಫೋನು ನನ್ನ ಸುಪರ್ದಿಗೆ ಸೇರಿದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ಮೇಲೆ ಓಣಿಯ ಹೆಣ್ಣುಮಕ್ಕಳು ಸೇರಿ ನಡೆಸುವ ಈ ಕೇಂದ್ರಕ್ಕೆ ಬಂದೆ. ರೊಟ್ಟಿ ಬಡಿಯಲು ನನ್ನ ಭುಜ ಬಗ್ಗುವುದಿಲ್ಲ. ಹಾಗಾಗಿ ಆರ್ಡರ್ ಬರೆದುಕೊಳ್ಳುವುದು, ಡಬ್ಬಿಗಳಿಗೆ ಚೀಟಿ ಅಂಟಿಸುವುದು, ಆಟೋಕ್ಕೆ ಏರಿಸುವುದು ನನ್ನ ಪಾಲಿಗೆ ಬಂತು.

ನಾನು ಬಂದ ಹೊಸದರಲ್ಲಿ ಒಂದು ಆರ್ಡರ್ ಬದಲಾದರೆ ಅಡುಗೆಮನೆಗೆ ಒಬ್ಬರು ಕೂಗಿ ಹೇಳುತ್ತಿದ್ದರು, ಆಟೋದವನಿಗೆ ಇನ್ನೊಬ್ಬರು ಹೇಳುತ್ತಿದ್ದರು, ಯಾರಾದರೂ ಒಬ್ಬರಿಗೆ ಹೇಳುವುದು ಮರೆತೇ ಹೋಗುತ್ತಿತ್ತು. ವಾರ್ಡಿನಲ್ಲಿ ಹಾಗೆ ನಡೆಯುವುದಿಲ್ಲ. ಡಾಕ್ಟರು ಫೋನಿನಲ್ಲಿ ಔಷಧ ಬದಲಿಸಿದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ತಿರುಗಿ ಓದಿ, ಹೌದು ಎನ್ನಿಸಿಕೊಳ್ಳಬೇಕು. ಹಳೆಯದನ್ನು ಒಂದೇ ಗೀಟು ಎಳೆದು ಹೊಡೆದುಹಾಕಬೇಕು. ಕೆಳಗಿನ ಅಕ್ಷರ ಕಾಣುವಂತಿರಬೇಕು. ಅದನ್ನೇ ಇಲ್ಲಿಗೂ ತಂದೆ. ಬದಲಾವಣೆ ಬಂದರೆ ಹಳೆ ಚೀಟಿಯ ಮೇಲೆ ತಿದ್ದುವುದಿಲ್ಲ, ಪೂರ್ತಿ ಆರ್ಡರನ್ನು ಹೊಸ ಚೀಟಿಯಲ್ಲಿ ಬರೆದು ‘ಎರಡನೇದು’ ಎಂದು ತಲೆಯ ಮೇಲೆ ಹಾಕುತ್ತೇನೆ. ಒಲೆಯ ಪಕ್ಕದ ಗೋಡೆಯಿಂದ ಹಳೆಯದನ್ನು ಕಿತ್ತು ತಂದ ಮೇಲೆಯೇ ಹೊಸದನ್ನು ಅಂಟಿಸುತ್ತೇನೆ. ಆರ್ಡರ್ ಕೊಟ್ಟವರೇ, ಕೊಟ್ಟ ನಂಬರಿನಿಂದಲೇ ಬದಲಿಸಬೇಕು. ಅಳಿಯ, ಮೈದುನ, ಪಕ್ಕದ ಮನೆಯವರು ಹೇಳಿದ್ದು ನಡೆಯುವುದಿಲ್ಲ. ಒಂದೇ ಆರ್ಡರಿಗೆ ಎರಡು ಮಾತು ಬಂದರೆ ಕೊನೆಯ ಮಾತೇ ನಿಲ್ಲುತ್ತದೆ.

ಆಟೋದವನಿಗೆ ಇದೆಲ್ಲ ತಮಾಷೆ.

“ಅಮ್ಮಾ, ನನ್ನ ನಿಕಾಹ್‌ದಾಗೂ ಇಷ್ಟು ಸಲ ಕೇಳಲಿಲ್ರಿ. ಮೂರು ಸಲ ಕಬೂಲ್ ಅಂದೆ, ಖತಮ್.”

“ಅದಕ್ಕ ನೋಡಪ್ಪ, ನಿನ್ನ ಹೆಂಡ್ತಿ ಇವತ್ತಿಗೂ ನಿನ್ನನ್ನ ರಿಪೇರಿ ಮಾಡಾಕತ್ಯಾಳ,” ಎಂದು ಅಡುಗೆಮನೆಯ ಹಿರಿಯವಳು ಒಳಗಿನಿಂದಲೇ ಹೇಳುತ್ತಿದ್ದಳು. ರೊಟ್ಟಿ, ಹೋಳಿಗೆಗಳ ಲೆಕ್ಕವೆಲ್ಲ ಅವಳ ಕೈಯಲ್ಲಿ. ಉಳಿದ ಹೆಣ್ಣುಮಕ್ಕಳು ನನ್ನನ್ನು ಅಕ್ಕಾರ ಎಂದರೆ ಅವಳು ಮಾತ್ರ ಸಿಸ್ಟರಮ್ಮ ಎನ್ನುತ್ತಾಳೆ.

ಕಮಲಾಪುರದಿಂದ ಆರ್ಡರ್ ಕೊಟ್ಟ ಆ ಹೆಣ್ಣುಮಗಳನ್ನು ನಾನು ಒಮ್ಮೆಯೂ ನೋಡಲಿಲ್ಲ. ದನಿ ಮಾತ್ರ ಗೊತ್ತು, ಗಟ್ಟಿಯಾದ, ಸ್ವಲ್ಪ ಒಡೆದ ದನಿ. ಮಗಳನ್ನು ಗಾಜಿಪುರಕ್ಕೆ ಕೊಟ್ಟಿದ್ದರು. ಬಸುರಿ ಮಗಳಿಗೆ ಭಾನುವಾರ ಕುಬಸ, ಅಂದರೆ ಸೀಮಂತ. ತವರಿನಿಂದ ಬುತ್ತಿ ಒಯ್ಯಬೇಕಲ್ಲ, ಅದಕ್ಕೆ ಇನ್ನೂರು ಖಡಕ್ ರೊಟ್ಟಿ, ನೂರು ಶೇಂಗಾ ಹೋಳಿಗೆ ಹೇಳಿದರು. ಶನಿವಾರ ಕಮಲಾಪುರದ ಮನೆಗೆ ಮುಟ್ಟಿಸಬೇಕು, ಮರುದಿನ ನಾವೇ ಹೊತ್ತು ಒಯ್ಯುತ್ತೇವೆ ಎಂದರು. ನಾನು ತಿರುಗಿ ಓದಿದೆ, ಬದಲಿಸುವುದಿದ್ದರೆ ಹೆಚ್ಚಿಗೆ, ಕಡಿಮೆ ಎನ್ನದೆ ಒಟ್ಟು ಎಷ್ಟೆಂದು ಹೇಳಬೇಕು ಎಂದೂ ಹೇಳಿದೆ. ಅವರು ನಕ್ಕರು.

“ಅಕ್ಕಾರ, ನೀವು ಸಾಲಿ ಮಾಸ್ತರಿದ್ರೇನು?”

“ನರ್ಸ್ ಇದ್ದೆರಿ.”

“ಹಂಗಾದ್ರ ಛಲೋ ಆತು. ನನ್ನ ಮಗಳ ಹೆರಿಗಿಗೂ ನಿಮ್ಮನ್ನ ಕರೀತೀನಿ ತಗೋರಿ.”

ಬುಧವಾರ ಬೆಳಿಗ್ಗೆ ಬೇರೆ ನಂಬರಿನಿಂದ ಫೋನು ಬಂತು. ಅವರ ಯಜಮಾನರು. ಹೆಂಡತಿ ಮಂಗಳವಾರ ಬೆಳಗಿನ ಜಾವ ತೀರಿಹೋದರು ಎಂದರು. ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಶನಿವಾರ ಅವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆ ಇಟ್ಟುಕೊಂಡಿದ್ದರು.

“ಹೋಳಿಗಿ ಬ್ಯಾಡ್ರಿ ಅಕ್ಕಾರ. ಕುಬಸ ಎಲ್ಲೈತಿ ಇನ್ನ. ರೊಟ್ಟಿ ಮಾತ್ರ ಇನ್ನೊಂದು ನೂರು ಹೆಚ್ಚಿಗಿ ಮಾಡ್ರಿ.”

ಹೆಚ್ಚಿಗೆ ಎಂಬುದನ್ನು ನಾನು ಬರೆದುಕೊಳ್ಳುವುದಿಲ್ಲ. “ಒಟ್ಟು ಎಷ್ಟು ಅಂತ ಹೇಳ್ರಿ,” ಎಂದೆ.

“ಒಟ್ಟು ಮುನ್ನೂರು.”

“ಕಮಲಾಪುರದ ಮನಿಗೇ ಏನ್ರಿ? ಯಾವಾಗ?”

“ಮನಿಗೇರಿ. ಶುಕ್ರವಾರ ಸಂಜಿಗಿ.”

ಓದಿ ಹೇಳಿದೆ. ಹೌದು ಎಂದರು. ಫೋನು ಇಡುವ ಮುಂಚೆ ನನ್ನ ನಿಯಮ ನನ್ನ ಬಾಯಿಂದ ತಾನಾಗಿ ಬಂತು: ಆರ್ಡರ್ ಕೊಟ್ಟ ನಂಬರಿನಿಂದ ಒಂದು ಮೆಸೇಜು ಹಾಕಿದರೆ ನಮಗೆ ಅನುಕೂಲ. ಹೆಂಡತಿಯ ಫೋನು ಬಂದ್ ಆಗಿ ಬಿದ್ದಿದೆ, ಚಾರ್ಜಿಗೆ ಹಾಕಿ ನೋಡುತ್ತೇನೆ ಎಂದರು. ಅಂಥ ಮನೆಯಲ್ಲಿ ನಿಂತಿರುವವರಿಗೆ ಕೇಳುವ ಮಾತಲ್ಲ ಎಂದು ಇಟ್ಟ ಮೇಲೆ ಅನ್ನಿಸಿತು. ಆದರೂ ಅವರು ಸಿಟ್ಟಾಗಿರಲಿಲ್ಲ.

ಗೋಡೆಯ ಚೀಟಿ ಕಿತ್ತು ತಂದೆ, ಎರಡನೇದನ್ನು ಅಂಟಿಸಿದೆ. ಹುರಿದಿಟ್ಟ ಶೇಂಗಾವನ್ನು ಹಿರಿಯವಳು ಬೇರೆ ಡಬ್ಬಿಗೆ ಸುರಿದಳು. ಆಟೋದವನ ಕೈಯಲ್ಲಿದ್ದ ಪ್ರತಿಯನ್ನೂ ವಾಪಸ್ ಪಡೆದೆ. ಒಂದೇ ಒಂದು ವಿಚಾರ ತಲೆಯಲ್ಲಿತ್ತು: ಕುಬಸದ ಬುತ್ತಿ ತಪ್ಪಿಯೂ ಕಮಲಾಪುರಕ್ಕೆ, ಅಲ್ಲಿಂದ ಗಾಜಿಪುರದ ಬಾಗಿಲಿಗೆ ಹೋಗಬಾರದು. ಆ ಮಗಳನ್ನು ತಾಯಿಯ ಮಣ್ಣಿಗೆ ಕರೆದೊಯ್ದಿರಲಿಲ್ಲ ಎಂದು ಯಜಮಾನರು ಮಾತಿನ ನಡುವೆ ಹೇಳಿದ್ದರು. ಲಿಂಗಾಯತರಾದ ನಮ್ಮಲ್ಲಿ ಸೂತಕವಿಲ್ಲ ಎಂದು ಬಾಯಿತುಂಬ ಹೇಳುತ್ತೇವೆ. ಆದರೆ ಬಸುರಿಯಾದವಳು ಹೆಣ ನೋಡಬಾರದು ಎಂದು ಹಿರಿಯರು ಹೇಳಿದರೆ ಯಾರೂ ಎದುರಾಡುವುದಿಲ್ಲ. ತಾಯಿಯ ಮುಖ ನೋಡದೆ ಅತ್ತೆಯ ಮನೆಯಲ್ಲಿ ಕುಳಿತವಳ ಮುಂದೆ ಸಂಭ್ರಮದ ಡಬ್ಬಿ ಇಳಿಸಿದರೆ ಹೇಗೆ?

ಗುರುವಾರ ಮಧ್ಯಾಹ್ನ ನಾನು ಡಬ್ಬಿಗೆ ಟೇಪು ಸುತ್ತುತ್ತಿದ್ದೆ. ಫೋನು ಹಿಟ್ಟಿನ ಪಾತ್ರೆಯ ಪಕ್ಕದಲ್ಲಿತ್ತು. ಟಿಣ್ ಎಂದಿತು. ಗಿರಾಕಿಗಳು ಬರೆಯುವ ಬದಲು ಮಾತಾಡಿ ಕಳಿಸುವುದೇ ಹೆಚ್ಚು, ಹಿರಿಯವಳು ಮೊಣಕೈಯಿಂದ ಅದನ್ನು ಒತ್ತಿದಳು.

“ಅಕ್ಕಾರ, ನಾನ್ರಿ, ಕಮಲಾಪುರ. ಹೋಳಿಗಿ ನೂರು ಬ್ಯಾಡ್ರಿ, ಒಟ್ಟು ನೂರಾ ಐವತ್ತು ಮಾಡ್ರಿ. ನೋಡ್ರಿ, ಒಟ್ಟು ಅಂತ ಹೇಳೀನಿ, ಮತ್ತ ಬೈಬ್ಯಾಡ್ರಿ. ರೊಟ್ಟಿ ಒಟ್ಟು ನೂರು ಸಾಕು. ಕಮಲಾಪುರಕ್ಕ ಕಳಸಬ್ಯಾಡ್ರಿ, ಸೀದಾ ಗಾಜಿಪುರಕ್ಕ ಮಗಳ ಮನಿಗೆ ಕಳಸ್ರಿ, ಶನಿವಾರ. ನನ್ನ ಕೈಲೆ ಹೊರಾದು ಆಗಾದಿಲ್ಲ. ಆಕಿ ಕೇಳಿ ತಿನ್ನಾಕಿ ಅಲ್ರಿ, ಮಂದಿ ಮನ್ಯಾಗ ನಾಚಿಕಿ ಮಾಡ್ತಾಳ. ಅದಕ್ಕ ಹೆಚ್ಚಿಗಿ ಇರ್ಲಿ.”

ಹಿಂದೆ ಎಲೆಗಳ ಸದ್ದು ಇತ್ತು, ಅಗಲವಾದ ಎಲೆಗಳು ಗಾಳಿಗೆ ಒಂದಕ್ಕೊಂದು ತಾಗುವ ಸದ್ದು. ಆಮೇಲೆ ಒಲೆಯ ಸದ್ದು ಮಾತ್ರ.

ಹಿರಿಯವಳು ಕೈ ಒರೆಸಿಕೊಂಡಳು. “ಸಿಸ್ಟರಮ್ಮ, ಈಕಿ ಮಂಗಳವಾರ ಹೋದಾಕಿ ಅಲ್ಲೇನ್ರಿ?”

“ಹೌದು.”

“ಇವತ್ತು ಗುರುವಾರ.”

ನಾನು ಫೋನು ತೆಗೆದುಕೊಂಡು ನೋಡಿದೆ. ಅದೇ ನಂಬರು. ಬಂದ ಹೊತ್ತು ಈಗಿನದೇ. ನಲವತ್ತು ವರ್ಷ ವಾರ್ಡಿನಲ್ಲಿ ಸಾವು ಕಂಡವಳು ನಾನು, ಕಣ್ಣು ಮುಚ್ಚಿಸಿ ಹಾಳೆ ಎಳೆದು ಮುಂದಿನ ಹಾಸಿಗೆಗೆ ಹೋದವಳು. ಹೋದವರು ಮತ್ತೆ ಮಾತಾಡಿ ಇದನ್ನು ಬದಲಿಸಿ ಎಂದು ಯಾವತ್ತೂ ಹೇಳಿರಲಿಲ್ಲ. ಕೈಯಲ್ಲಿದ್ದ ಟೇಪು ಬೆರಳಿಗೇ ಅಂಟಿಕೊಂಡಿತ್ತು.

“ನಿಮ್ಮ ಕಾಯದೆ ಪ್ರಕಾರ ಇದೇ ನಡೀಬೇಕಲ್ರಿ,” ಎಂದಳು ಹಿರಿಯವಳು ಮೆಲ್ಲಗೆ. “ಆರ್ಡರ್ ಕೊಟ್ಟಾಕಿ ಆಕೀನ. ನಂಬರೂ ಆಕೀದ. ಕೊನೀ ಮಾತೂ ಆಕೀದ. ಗಂಡನ ಮಾತು ಬ್ಯಾರೆ ನಂಬರಿಂದ ಬಂದದ್ದು.”

ಅವಳು ಗೇಲಿ ಮಾಡುತ್ತಿರಲಿಲ್ಲ. ಅವಳು ಆಗಲೇ ಶೇಂಗಾ ಡಬ್ಬಿಯ ಕಡೆ ನೋಡುತ್ತಿದ್ದಳು. ನಾನು ಕಟ್ಟಿದ ನಿಯಮ ಸತ್ತವಳ ಕಡೆ ನಿಂತಿತ್ತು.

ಮುಟ್ಟಬೇಡ ಎಂದು ಹೇಳಿ ಯಜಮಾನರಿಗೆ ಫೋನು ಹಚ್ಚಿದೆ. ಏನೆಂದು ಶುರು ಮಾಡುವುದು? ವಾರ್ಡಿನ ಮಾತೇ ನೆರವಿಗೆ ಬಂತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನಿಮ್ಮ ಮನೆಯವರ ನಂಬರಿನಿಂದ ಈಗ ಒಂದು ಮಾತು ಬಂದಿದೆ, ಅವರ ದನಿ, ಆರ್ಡರ್ ಬದಲಿಸಿದ್ದಾರೆ.



“ನೀವು ಹೇಳಿದ್ರಲ್ರಿ, ಆ ನಂಬರಿಂದ ಹಾಕ್ರಿ ಅಂತ,” ಎಂದರು ಯಜಮಾನರು. “ಅದಕ್ಕ ಇವತ್ತು ಫೋನ್ ಚಾರ್ಜಿಗೆ ಹಚ್ಚಿ ಚಾಲೂ ಮಾಡಿದೆ. ಸೋಮವಾರ ಸಂಜಿಗಿ ಬಾಳಿ ತೋಟದಾಗ ಇದ್ಲು. ಅಲ್ಲಿ ನೆಟ್‌ವರ್ಕ್ ಬರಾಂಗಿಲ್ರಿ. ಅಲ್ಲೇ ಬ್ಯಾಟರಿ ಸತ್ತಿತ್ತು. ಅಲ್ಲಿ ನಿಂತು ಹೇಳಿರಬೇಕು.”

ಹಾಗಾದರೆ ಅವರು ಹೇಳಿದ್ದು ಸೋಮವಾರ. ಮಾತು ಆ ಮುಚ್ಚಿದ ಫೋನಿನಲ್ಲಿ ಕಾದು ಕುಳಿತಿತ್ತು. ಮಣ್ಣು ಆಗುವಾಗಲೂ ಅದು ಅಲ್ಲೇ ಇತ್ತು. ಅದನ್ನು ಹೊರಗೆ ಕರೆದದ್ದು ನನ್ನ ನಿಯಮ.

ಕೊನೆಗೆ ಬಂದ ಮಾತು ಕೊನೆಗೆ ಆಡಿದ ಮಾತಲ್ಲ. ಆದ್ದರಿಂದ ನಿಮ್ಮ ಬುಧವಾರದ ಮಾತೇ ನಿಲ್ಲುತ್ತದೆ, ಏನೂ ಬದಲಿಸುವುದಿಲ್ಲ ಎಂದು ಅವರಿಗೆ ಹೇಳಿದೆ.

“ಏನಂದ್ಲು, ಓದಿ ಹೇಳ್ರಿ,” ಎಂದರು.

ನಿಮ್ಮ ಮನೆಯವರ ಫೋನಿನಲ್ಲೇ ಇದೆ, ಕೇಳಬಹುದು ಎಂದೆ. ಈಗ ಆಗುವುದಿಲ್ಲ, ನೀವೇ ಓದಿ ಎಂದರು. ಹಾಗಾಗಿ ಬರೆದುಕೊಂಡದ್ದನ್ನು ನಾನು ಓದಿದೆ, ದಿನಾಲು ಓದುವ ದನಿಯಲ್ಲೇ: ಹೋಳಿಗೆ ಒಟ್ಟು ನೂರಾ ಐವತ್ತು, ರೊಟ್ಟಿ ಒಟ್ಟು ನೂರು, ಗಾಜಿಪುರ, ಶನಿವಾರ. ನಾಚಿಕೆಯ ಮಾತನ್ನೂ ಬಿಡಲಿಲ್ಲ.

“ಹೌದ್ರಿ,” ಎಂದರು. ಆರ್ಡರ್ ಕೊಟ್ಟವರು ಹೇಳುವ ಹಾಗೆಯೇ ಹೇಳಿದರು.

“ಹೌದಂದ್ರ, ಮಾಡಬೇಕೇನ್ರಿ?”

“ಎರಡೂ ಮಾಡ್ರಿ. ನಮ್ಮ ಮನಿಗೆ ನಾನು ಹೇಳಿದ್ದು. ಮಗಳ ಮನಿಗೆ ಆಕಿ ಹೇಳಿದ್ದು. ಕುಬಸ ಅಂತಲ್ರಿ. ಅವ್ವ ಕಳಿಸ್ಯಾಳ ಅಂತ ಅಷ್ಟ. ಬೀಗರಿಗೆ ನಾ ಹೇಳ್ತೀನಿ. ಹೋಳಿಗಿ ಒಂದೂ ಕಡಿಮಿ ಮಾಡಬ್ಯಾಡ್ರಿ.”

ಒಂದು ಚೀಟಿಯಲ್ಲಿ ಎರಡು ವಿಳಾಸ ಬರೆದರೆ ಡಬ್ಬಿಗಳು ಅದಲುಬದಲಾಗುತ್ತವೆ. ಆದ್ದರಿಂದ ಕಮಲಾಪುರದ ಎರಡನೇ ಚೀಟಿಯನ್ನು ಹಾಗೆಯೇ ಬಿಟ್ಟು, ಗಾಜಿಪುರಕ್ಕೆ ಬೇರೆಯದೇ ಚೀಟಿ ಬರೆದೆ. ತಲೆಯ ಮೇಲೆ ‘ಮೂರನೇದು’. ಆರ್ಡರ್ ಕೊಟ್ಟವರು ಎಂಬಲ್ಲಿ ಪೆನ್ನು ನಿಂತಿತು. ಆ ತಾಯಿಯ ಹೆಸರನ್ನೇ ಬರೆದೆ. ಕಮಲಾಪುರದ ಡಬ್ಬಿಗಳಿಗೆ ಬಿಳಿ ದಾರ ಕಟ್ಟಿಸಿದೆ, ಗಾಜಿಪುರದವಕ್ಕೆ ಹಸಿರು. ಎರಡನ್ನೂ ಬೇರೆ ಬೇರೆ ದಿನವೇ ಆಟೋಕ್ಕೆ ಏರಿಸಬೇಕು ಎಂದು ಆಟೋದವನಿಗೆ ಹೇಳಿದೆ. ಅವನು ಅವತ್ತು ತಮಾಷೆ ಮಾಡಲಿಲ್ಲ. ಹೇಳಿದ್ದನ್ನು ತಾನಾಗಿ ತಿರುಗಿ ಒಪ್ಪಿಸಿದ.

ಬದಲಾದ ಆರ್ಡರನ್ನು ಬರೆದು, ಆರ್ಡರ್ ಕೊಟ್ಟ ನಂಬರಿಗೆ ಕಳಿಸುವುದು ನನ್ನ ಪದ್ಧತಿ. ಕೈ ತನ್ನ ಪಾಡಿಗೆ ಅದನ್ನು ಮಾಡಿ ಮುಗಿಸಿತ್ತು. ಕಳಿಸಿದ ಮೇಲೆ ಯಾರಿಗೆ ಎಂದು ಹೊಳೆಯಿತು. ಅಳಿಸಬೇಕೆನ್ನುವಷ್ಟರಲ್ಲಿ ಓದಿದ ಗುರುತಿನ ಎರಡು ಗೀಟುಗಳು ನೀಲಿಯಾದವು. ಯಜಮಾನರೇ ಫೋನು ತೆರೆದಿರುತ್ತಾರೆ, ನನಗೆ ಗೊತ್ತು. ಆದರೂ ಫೋನನ್ನು ಮಗುಚಿ ಇಟ್ಟು ಹೊರಗೆ ಹೋಗಿ ನಿಂತೆ.

ಶುಕ್ರವಾರ ಕಮಲಾಪುರದ ರೊಟ್ಟಿ ಮುಟ್ಟಿತು. ಶನಿವಾರ ಗಾಜಿಪುರಕ್ಕೆ ನಾನೂ ಆಟೋದಲ್ಲಿ ಕುಳಿತೆ. ಅತ್ತೆಯಾದವರು ಬಾಗಿಲಿಗೆ ಬಂದು ಏನೂ ಕೇಳದೆ ಒಳಗೆ ಕರೆದರು. ಹುಡುಗಿ ಗೋಡೆಗೆ ಆನಿಕೊಂಡು ಚಾಪೆಯ ಮೇಲೆ ಕುಳಿತಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಡಬ್ಬಿಯನ್ನು ಎಳೆದುಕೊಂಡು ಅದರ ಮೇಲಿನ ಚೀಟಿ ಓದಿದಳು. ತಾಯಿಯ ಹೆಸರಿನ ಮೇಲೆ ಬೆರಳು ನಿಲ್ಲಿಸಿದಳು.

“ಅವ್ವ ಯಾವಾಗ ಹೇಳಿದ್ಲುರಿ?”

“ಹೇಳಿದ್ದು ಸೋಮವಾರವ್ವ. ನಮಗ ಮುಟ್ಟಿದ್ದು ಮೊನ್ನೆ.”

“ಮೊನ್ನೆ,” ಎಂದಳು. ಸೋಮವಾರವನ್ನು ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. “ಮೊನ್ನೆ ಮಧ್ಯಾಹ್ನ ಏನ್ರಿ? ಮಧ್ಯಾಹ್ನ ಹೊಟ್ಟ್ಯಾಗ ನನ್ನ ಕೂಸು ಭಾಳ ಒದೀತು.”

ತಿದ್ದಬೇಕು ಎಂದು ಬಾಯಿಗೆ ಬಂತು. ತಿರುಗಿ ಓದಿ, ದಿನವನ್ನು ಸರಿ ಮಾಡಿ, ಹೌದು ಎನ್ನಿಸಿಕೊಳ್ಳಬೇಕಿತ್ತು. ಅತ್ತೆ ನನ್ನ ಮುಖ ನೋಡುತ್ತಿದ್ದರು. ನಾನು ತಿದ್ದಲಿಲ್ಲ.

ಅವಳು ಉಗುರಿನಿಂದ ಮೆಲ್ಲಗೆ, ಹರಿಯದ ಹಾಗೆ, ಚೀಟಿಯನ್ನು ಎಬ್ಬಿಸಿ ಪಕ್ಕಕ್ಕಿಟ್ಟಳು. ಆಮೇಲೆ ಹಸಿರು ದಾರ ಬಿಚ್ಚಿ, ಯಾರನ್ನೂ ಕೇಳದೆ, ನಾಚಿಕೊಳ್ಳದೆ, ಒಂದು ಹೋಳಿಗೆ ಮುರಿದು ತಿಂದಳು. ಅದು ಮುಗಿದ ಮೇಲೆ ಇನ್ನೊಂದು.

ಅಂದಿನಿಂದ ನನ್ನ ಚೀಟಿಯಲ್ಲಿ ಎರಡು ಜಾಗಗಳಿವೆ: ಹೇಳಿದ ಹೊತ್ತು, ಮುಟ್ಟಿದ ಹೊತ್ತು. ಹಿರಿಯವಳು ಫೋನಿಗೆ ಮೊಣಕೈ ತಾಗಿಸುವುದಿಲ್ಲ, ಟಿಣ್ ಎಂದರೆ ನನ್ನನ್ನೇ ಕೂಗುತ್ತಾಳೆ. ಆ ದನಿಯನ್ನು ನಾನು ಅಳಿಸಿಲ್ಲ, ಮತ್ತೆ ಕೇಳಿಯೂ ಇಲ್ಲ. ಕೆಲವೊಮ್ಮೆ ಬೇರೆ ಯಾರದೋ ಆರ್ಡರನ್ನು ಓದಿ ಹೇಳಿ, ಆ ಕಡೆಯಿಂದ ಹೌದು ಬರುವುದನ್ನು ಕಾಯುವಾಗ, ಎಲೆಗಳ ಸದ್ದು ಕೇಳಿದಂತಾಗುತ್ತದೆ.