ಘಣಸೋಲಿಯ ಟ್ರೆಂಚ್ ಕುಸಿದದ್ದು ಯಾಕೆ

ನಾನು ಸೇಫ್ಟಿ ಆಫೀಸರ್. ಸೈಟಿನಲ್ಲಿ ನನ್ನನ್ನು ಕಂಡವರು ಮೊದಲು ಹೆಲ್ಮೆಟ್ ಹುಡುಕುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಒದ್ದಾಡಿ, ಥಾಣೆಯಲ್ಲಿ ಗಾಡಿ ಬದಲಿಸಿ ಘಣಸೋಲಿಯಲ್ಲಿ ಇಳಿಯುವಷ್ಟರಲ್ಲಿ ನನ್ನ ಮುಖವೂ ನೋಡುವಂತಿರುವುದಿಲ್ಲ, ಬಿಡಿ.

ಅಲ್ಲಿ ಹೌಸಿಂಗ್ ಸೊಸೈಟಿಯೊಂದರ ಗೇಟಿನ ಮುಂದೆ ಒಳಚರಂಡಿ ಪೈಪ್ ಹಾಕಲು ಆಳೆತ್ತರಕ್ಕಿಂತ ಆಳವಾದ ಟ್ರೆಂಚ್ ಅಗೆದಿದ್ದರು. ಭರ್ತಿ ಮಾಡಿದ ನೆಲ, ಸಡಿಲ ಮಣ್ಣು. ಪೈಪಿನ ಜಾಯಿಂಟ್ ನೋಡಲು ಇಳಿದ ಕೆಲಸಗಾರನ ಮೇಲೆ ಒಂದು ಬದಿ ಕುಸಿಯಿತು. ಎದೆಮಟ್ಟ ಹೂತುಹೋಗಿದ್ದವನನ್ನು ಜೊತೆಯವರು ಕೈಯಲ್ಲೇ ಮಣ್ಣು ಬಗೆದು ಹೊರತೆಗೆದರು. ಜೀವ ಉಳಿಯಿತು. ತೊಡೆಯ ಮೂಳೆ ಮುರಿದಿತ್ತು.

ತನಿಖಾ ವರದಿ ನನ್ನ ಪಾಲಿಗೆ ಬಂತು. ಜಾಗವನ್ನು ಯಾರೂ ಮುಟ್ಟದಂತೆ ಹಗ್ಗ ಕಟ್ಟಿಸಿ, ಫೋಟೋ ತೆಗೆದು, ಒಬ್ಬೊಬ್ಬರನ್ನೇ ಬೇರೆಬೇರೆ ಕೂರಿಸಿ ಕೇಳಿದೆ. ಎರಡೂ ಬದಿಯ ಮಣ್ಣಿಗೆ ಒತ್ತಿ, ನಡುವೆ ಅಡ್ಡ ಜ್ಯಾಕ್ ಕೊಟ್ಟು ನಿಲ್ಲಿಸಬೇಕಾದ ಉಕ್ಕಿನ ಪ್ಲೇಟುಗಳು ಒಳಗಿರಲಿಲ್ಲ. ಟ್ರೆಂಚಿನ ಮೇಲೆ ಸೇತುವೆಯ ಹಾಗೆ ಮಲಗಿದ್ದವು, ಮೈಮೇಲೆ ಟೈರಿನ ಗುರುತು. ಸೊಸೈಟಿಯವರ ಕಾರು ಆಫೀಸಿಗೆ ಹೊರಡಬೇಕಲ್ಲ! ಬೆಳಿಗ್ಗೆ ಪ್ಲೇಟು ಕಿತ್ತು ಗೇಟಿಗೆ ಹಾಕುವುದು, ಕಾರುಗಳು ಹೋದ ಮೇಲೆ ಮತ್ತೆ ಒಳಗೆ ನಿಲ್ಲಿಸುವುದು. ಇದಕ್ಕೆ ಸೈಟಿನಲ್ಲಿ ಎಲ್ಲರೂ ‘ಅಡ್ಜಸ್ಟ್‌ಮೆಂಟ್’ ಎನ್ನುತ್ತಿದ್ದರು. ಪಾರ್ಕಿಂಗಿಗೆ ಅಡ್ಡಿಯಾಗದಿರಲೆಂದು ಅಗೆದ ಮಣ್ಣನ್ನೂ ಅಂಚಿಗೇ ರಾಶಿ ಹಾಕಿದ್ದರು. ಆ ದಿನ ಪ್ಲೇಟು ಒಳಗೆ ಹೋಗುವ ಮೊದಲೇ ಆ ಮನುಷ್ಯ ಇಳಿದಿದ್ದ.

ಪ್ರಾಜೆಕ್ಟ್ ಮ್ಯಾನೇಜರ್ ಉಡುಪಿ ಕಡೆಯವರು. ಮೀಟಿಂಗಿನಲ್ಲಿ ಹಿಂದಿ, ಒತ್ತಡ ಹಾಕುವಾಗ ಮಾತ್ರ ಕನ್ನಡ.

“ನೋಡಿ ಮೇಡಂ, ಫೋರ್‌ಮನ್ನನ ಅಲಕ್ಷ್ಯ ಅಂತ ಬರೆದ್ರೆ ಮುಗೀತಲ್ಲ ಮಾರಾಯ್ರೆ. ಪರಿಹಾರಕ್ಕೆ ಎಲ್ಲರಿಗೂ ಒಂದು ಟ್ರೇನಿಂಗ್ ಕೊಟ್ಟದ್ದು ಅಂತ ಹಾಕಿ. ನೀವು ನಮ್ಮ ಊರಿನವರೇ ಅಲ್ವಾ?”

“ಭಾಷಣ ಮಾಡಿದ್ರೆ ಮಣ್ಣು ನಿಲ್ತದಾ ಸರ್?” ಎಂದೆ. ಅವರು ಮುಖ ಊದಿಸಿಕೊಂಡರು.

ಸಂಜೆ ಫೋರ್‌ಮನ್ ತಾನೇ ಬಂದ. ವಿಜಯಪುರದ ಕಡೆಯವನು, ನನಗಿಂತ ಹಿರಿಯ. “ಅಕ್ಕಾರ, ನನ್ನ ತಪ್ಪಂತನ ಬರದುಬಿಡ್ರಿ. ಒಪ್ಕೊಂಡ್ರ ಉಲ್ಹಾಸನಗರದ ಸೈಟಿಗೆ ಹಾಕ್ತೀನಿ ಅಂದಾರ ಸಾಹೇಬ್ರು. ಇಲ್ಲಂದ್ರ ಮನೀಗೇ.”

ನನಗೆ ಸಿಟ್ಟು ನೆತ್ತಿಗೇರಿತು, ಅವನ ಮೇಲೂ. ಹರಕೆಯ ಕುರಿ ತಾನೇ ಕುತ್ತಿಗೆ ಚಾಚಿದರೆ ಏನು ಹೇಳುವುದು? ನಾಳೆ ಮೀಟಿಂಗಿನಲ್ಲಿ ಕೇಳಿದ್ದಕ್ಕೆ ನಿಜ ಹೇಳಿ, ಅಷ್ಟು ಸಾಕು ಎಂದೆ.

ಮರುದಿನ ನಮಗೆ ಈ ಗುತ್ತಿಗೆ ಕೊಟ್ಟವರ ಎಂಜಿನಿಯರ್ ಎದುರು ‘ಯಾಕೆ’ಗಳನ್ನು ಒಂದೊಂದಾಗಿ ಕೇಳುತ್ತ ಹೋದೆವು. ಮಣ್ಣು ಕುಸಿದದ್ದು ಯಾಕೆ? ಆಧಾರವಿರಲಿಲ್ಲ, ಅಂಚಿನಲ್ಲಿ ಭಾರವಿತ್ತು. ಆಧಾರ ತೆಗೆದದ್ದು ಯಾಕೆ? ಗೇಟಿಗೆ ಬೇರೆ ಪ್ಲೇಟು ಇರಲಿಲ್ಲ. ತೆಗೆಯಲು ಹೇಳಿದ್ದು ಯಾರು? ಮ್ಯಾನೇಜರ್, ಫೋನಿನಲ್ಲಿ, ಎಂದ ಫೋರ್‌ಮನ್. ಕಡೆಗೆ ನಾನು ಅವನನ್ನು ಕೇಳಿದೆ, “ನಾಳೆ ಮತ್ತೆ ಫೋನ್ ಬಂದ್ರೆ ತೆಗೀತೀರಾ?”

“ತೆಗೀತೀನ್ರಿ ಅಕ್ಕಾರ. ಇಲ್ಲಂದ್ರ ಕೆಲಸ ಹೋಗ್ತದಲ್ರಿ.”

ಎಂಜಿನಿಯರ್‌ಗೆ ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮೂಲ ಕಾರಣದ ಕೆಳಗೆ ನಾನು ಬರೆದದ್ದು ಅದನ್ನೇ: ಬಾಯಿಮಾತಿನಲ್ಲಿ ಆಧಾರ ತೆಗೆಸಬಹುದು, ತೆಗೆಯಲಾರೆ ಎನ್ನುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಕ್ರಮಗಳನ್ನೂ ಬರೆದೆ. ಗೇಟಿಗೆ ಪ್ರತ್ಯೇಕ ಪ್ಲೇಟು, ಮಣ್ಣು ಅಂಚಿನಿಂದ ಒಂದೂವರೆ ಮೀಟರ್ ದೂರ, ಇಳಿಯಲು ಏಣಿ, ಪ್ರತಿ ಪಾಳಿಗೆ ಮುನ್ನ ತಿಳಿದವರಿಂದ ತಪಾಸಣೆ, ಲಿಖಿತ ಒಪ್ಪಿಗೆಯಿಲ್ಲದೆ ಆಧಾರ ಮುಟ್ಟುವಂತಿಲ್ಲ, ಕೆಲಸ ನಿಲ್ಲಿಸಿದ ಫೋರ್‌ಮನ್ನಿಗೆ ಶಿಕ್ಷೆಯಿಲ್ಲ. ಇವನ್ನು ಜಾರಿಗೆ ತರುವ ಹೊಣೆಗಾರರ ಜಾಗದಲ್ಲಿ ಮ್ಯಾನೇಜರ್ ಹೆಸರು. ಸಹಿ ಹಾಕುವಾಗ ಅವರು ನನ್ನತ್ತ ನೋಡಲೇ ಇಲ್ಲ.

ಎಲ್ಲವನ್ನೂ ಕಣ್ಣಾರೆ ನೋಡಿದ ಮೇಲೆಯೇ ಕೆಲಸ ಮತ್ತೆ ಶುರು ಮಾಡಲು ಬಿಟ್ಟೆ. ಫೋರ್‌ಮನ್ ಅಲ್ಲೇ ಉಳಿದಿದ್ದ. ಒಂದು ಬೆಳಿಗ್ಗೆ ನಾನು ಪಕ್ಕದಲ್ಲೇ ಇದ್ದಾಗ ಅವನ ಫೋನ್ ಹೊಡೆದುಕೊಂಡಿತು. ಮ್ಯಾನೇಜರ್. ಟ್ರೆಂಚ್ ಈಗ ಹಿಂದಿನ ಗೇಟಿಗೂ ತಲುಪಿತ್ತು; ಅಲ್ಲಿಂದಲೂ ಒಂದು ಕಾರು ಹೋಗಬೇಕಂತೆ, ಹತ್ತೇ ನಿಮಿಷಕ್ಕೆ ಒಳಗಿನ ಎರಡು ಪ್ಲೇಟು ಎತ್ತಬೇಕಂತೆ.

ಫೋರ್‌ಮನ್ ನನ್ನ ಮುಖ ನೋಡಿದ. ಹೇಳಬೇಕಾದವನು ಅವನು.

“ಒಳಗ ಮಂದಿ ಅದಾರ್ರಿ ಸಾಹೇಬ್ರ. ತಗಿಯಂಗಿಲ್ರಿ.”

ಆ ಕಡೆಯಿಂದ ಏನೋ ದೊಡ್ಡ ದನಿ ಕೇಳಿಸಿತು. “ಮನೀಗ್ ಕಳಸ್ರಿ ಬೇಕಾದ್ರ. ತಗಿಯಂಗಿಲ್ಲ.”

ಫೋನ್ ಕಿಸೆಗಿಟ್ಟು ಫುಟ್‌ಪಾತಿನ ಕಲ್ಲಿನ ಮೇಲೆ ಕುಸಿದು ಕೂತ. ನೀರಿನ ಬಾಟಲಿ ಕೊಟ್ಟೆ. ಟ್ರೆಂಚಿನೊಳಗಿಂದ ಯಾರೋ, ಮೇಲೆ ಏನಾಯಿತು ಎಂದು ಕೂಗಿ ಕೇಳಿದರು.

“ಏನೂ ಆಗಿಲ್ಲ, ಕೆಲಸ ಮಾಡ್ರಿ,” ಎಂದ.